ಹದಿನೇಳು ಸಾಲಿನ ನಮಸ್ಕಾರ

ಮನೆಯವರೆಲ್ಲ ಅವಳನ್ನು ಸಂಕೋಚಮ್ಮ ಅಂತಲೇ ಕರೆಯೋದು. ಕೆಲಸ ಹುಡುಕುತ್ತಿದ್ದ ಸಂಕೋಚಮ್ಮ, ತನ್ನದೇ ಕಾಲೇಜಿನಲ್ಲಿ ಓದಿ ಒಳ್ಳೊಳ್ಳೆ ಕಂಪನಿ ಸೇರಿದ್ದ ಇಪ್ಪತ್ತು ಸೀನಿಯರ್‌ಗಳಿಗೆ, ಮುಖಪರಿಚಯವೂ ಇಲ್ಲದೆ, ಮೆಸೇಜು ಕಳಿಸಿದ್ದಳು. ಹತ್ತೊಂಬತ್ತು ಮಂದಿ ತುಟಿಪಿಟಕ್ಕೆನ್ನಲಿಲ್ಲ. ಒಬ್ಬರು ಮಾತ್ರ "ಥ್ಯಾಂಕ್ಸಮ್ಮಾ, ನಿನಗೂ ಒಳ್ಳೇದಾಗಲಿ" ಅಂದು ಸುಮ್ಮನಾದರು.

ಒಂದು ತಿಂಗಳು ಕಾದ ಅಕ್ಕ ಕೊನೆಗೆ ಫೋನ್ ಕಿತ್ತುಕೊಂಡು ಓದಿದಳು. ಹದಿನೇಳು ಸಾಲು! ನಮಸ್ಕಾರ, ಕ್ಷಮೆ, ಹೊಗಳಿಕೆ, ಮತ್ತೆ ಕ್ಷಮೆ.

"ಅಲ್ವೇ, ನಿಮ್ಮ ಕಂಪನಿಗೆ ನನ್ನ ಹೆಸರು ರೆಫರ್ ಮಾಡಿ ಅನ್ನೋ ಮಾತೇ ಇಲ್ವಲ್ಲೇ!"

"ಮೊದಲನೇ ಸಲವೇ ಹೇಗೆ ಕೇಳೋದಕ್ಕಾ? ಅವರೇ ಅರ್ಥ ಮಾಡ್ಕೋತಾರೆ ಅಂದ್ಕೊಂಡೆ."

"ಅವರೇನು ಕಣಿ ಹೇಳೋರಾ?"

ಅಕ್ಕ ಪಕ್ಕದಲ್ಲೇ ಕೂತು ಬರೆಸಿದಳು. ಕಂಪನಿಯಲ್ಲಿ ಖಾಲಿಯಿದ್ದ ಹುದ್ದೆಯ ನಂಬರು, ತಂಗಿ ಮಾಡಿದ ಪ್ರಾಜೆಕ್ಟಿನ ಬಗ್ಗೆ ಒಂದು ಸಾಲು, ಜೊತೆಗೆ ರೆಸ್ಯೂಮೆ. "ಸರಿ ಅನ್ನಿಸಿದರೆ ರೆಫರ್ ಮಾಡ್ತೀರಾ? ಆಗದಿದ್ದರೂ ಬೇಜಾರಿಲ್ಲ." ಸಂಕೋಚಮ್ಮ ಕಣ್ಣು ಮುಚ್ಚಿಕೊಂಡು, ಹರಸಿದ್ದ ಆ ಸೀನಿಯರ್‌ಗೇ ಕಳಿಸಿದಳು.

ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಇವತ್ತೇ ನಿನ್ನ ಹೆಸರು ಹಾಕ್ತೀನಿ. ಹೋದ ತಿಂಗಳೇ ಕೇಳಬಾರದಿತ್ತೇನಮ್ಮಾ? ಆ ಹೊಗಳಿಕೆ ಓದಿ, ಯಾವುದೋ ಬೀಳ್ಕೊಡುಗೆ ಭಾಷಣ ಅಂದ್ಕೊಂಡಿದ್ದೆ!"

ಸಂಕೋಚಮ್ಮ ಖುಷಿಯಿಂದ ಥ್ಯಾಂಕ್ಸ್ ಬರೆಯಲು ಕೂತಳು. ಏಳನೇ ಸಾಲಿಗೆ ಅಕ್ಕ ಮತ್ತೆ ಫೋನ್ ಕಿತ್ತುಕೊಂಡಳು.