ಹೊರಗೆ ಕೂತಿರು ಎಂದ ಮಾತು

ವೆಂಕಮ್ಮನ ಎದುರು ಕೂತ ಹುಡುಗಿಯರು ಹೆದರುವುದು ಕಡಿಮೆ ಎಂದು ಸಾಗರದ ಬ್ಲಾಕ್ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆಕೆ ಅಲ್ಲಿ ಹೆಂಗಸರ, ಮಕ್ಕಳ ಯೋಜನೆಗಳನ್ನು ನೋಡಿಕೊಳ್ಳುವ ಮುಖ್ಯಸೇವಿಕೆ. ಹಳ್ಳಿಗಳ ಬಾಲವಾಡಿಗೆ ಶಿಕ್ಷಕಿಯರನ್ನು ಆರಿಸುವ ದಿನ ಬಿ.ಡಿ.ಓ. ನಾರಾಯಣಮೂರ್ತಿಯವರ ಪಕ್ಕದ ಕುರ್ಚಿ ಆಕೆಯದು. ಏಳನೇ ತರಗತಿ ಮುಗಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದವರಿಗೆ ಸಾಹೇಬರು ನೇರವಾಗಿ ಪಂಚವಾರ್ಷಿಕ ಯೋಜನೆ ಎಂದರೇನು ಅಂತ ಕೇಳಿಬಿಡುತ್ತಿದ್ದರು. ಗೊತ್ತಿದ್ದ ಉತ್ತರವೂ ಹುಡುಗಿಗೆ ಮರೆತುಹೋಗುತ್ತಿತ್ತು. ಅದಕ್ಕೇ ವೆಂಕಮ್ಮ ಒಂದು ರೂಢಿ ಮಾಡಿಕೊಂಡಿದ್ದರು. ಮೊದಲ ಪ್ರಶ್ನೆ ತಮ್ಮದು. "ಯಾವೂರಾಯ್ತು ತಂಗಿ? ನಿಮ್ಮನೆಗೆ ಹೋಗೋ ದಾರಿ ಹೇಳು ನೋಡಾಣ."

ಮನೆಯ ದಾರಿ ಹೇಳಲು ಯಾರಿಗೆ ಬಾರದು? ಹಳ್ಳದ ಸಂಕ ದಾಟಿದರೆ ಬಸರಿ ಮರ, ಅಲ್ಲಿಂದ ಎಡಕ್ಕೆ, ನಾಯಿ ಇದೆ ಆದರೆ ಕಚ್ಚಲ್ಲ ಅನ್ನುವಷ್ಟರಲ್ಲಿ ಹುಡುಗಿಯ ಬಾಯಿಗೆ ಮಾತು ಬಂದಿರುತ್ತಿತ್ತು, ಮುಖಕ್ಕೆ ನಗುವೂ. ಆಮೇಲೆ ಯೋಜನೆಯನ್ನಾದರೂ ಕೇಳಿ, ಏನನ್ನಾದರೂ ಕೇಳಿ.

ಆ ವರ್ಷ ಎರಡೇ ಹುದ್ದೆ ಇದ್ದವು. ಸಂದರ್ಶನ ಮಧ್ಯಾಹ್ನ ದಾಟಿತ್ತು. ಜವಾನ ಗುತ್ಯಪ್ಪ ಬಾಗಿಲಲ್ಲಿ ನಿಂತು "ಹಾಲಮ್ಮ" ಎಂದು ಕೂಗಿದ. ಒಳಗೆ ಬಂದವಳಿಗೆ ಇಪ್ಪತ್ತು ತುಂಬಿರಬೇಕು. ಕೈಮುಗಿದು, ಕುರ್ಚಿಯ ತುದಿಯಲ್ಲಿ ಕೂತಳು.

"ಯಾವೂರಾಯ್ತು ತಂಗಿ?"

"ನೇರಳೆಗುಂಡಿ."

"ಸರಿ. ನಿಮ್ಮನೆಗೆ ಹೋಗೋ ದಾರಿ ಹೇಳು."

ಹಾಲಮ್ಮ ಬಾಯಿ ತೆರೆದಳು. "ಹೊಳೆ ದಾಟಿ..." ಎಂದಳು. ಮುಂದಕ್ಕೆ ಮಾತು ಬರಲಿಲ್ಲ. ಕಣ್ಣು ಗೋಡೆಯ ಮೇಲಿದ್ದ ತಾಲ್ಲೂಕಿನ ನಕ್ಷೆಯ ಮೇಲೆ ನೆಟ್ಟಿತ್ತು. ವೆಂಕಮ್ಮನಿಗೆ ಆಗ ಹೊಳೆಯಿತು. ನೇರಳೆಗುಂಡಿ ಶರಾವತಿಯ ದಂಡೆಯ ಊರು. ಅಣೆಕಟ್ಟೆಯ ನೀರಿನಲ್ಲಿ ಊರೇ ಮುಳುಗಿದ ಮೇಲೆ ಅಲ್ಲಿಗೆ ದಾರಿಯೇ ಇಲ್ಲ. ಅಲ್ಲಿಯವರನ್ನು ಹೊಸನಗರದ ಕಡೆಯ ಕಾಡಂಚಿಗೆ ತಂದು ಇಳಿಸಿ ಎರಡು ಮಳೆಗಾಲವಾಗಿತ್ತು.

"ಕೇಳಿದ್ದು ಸುಲಭದ ಪ್ರಶ್ನೆ ಕಣಮ್ಮ," ಎಂದರು ನಾರಾಯಣಮೂರ್ತಿ.

ಹಾಲಮ್ಮನ ಕೆನ್ನೆಯ ಮೇಲೆ ನೀರಿಳಿಯಿತು. ಶಬ್ದವಿಲ್ಲ. ಒರೆಸಿಕೊಳ್ಳಲು ಕೈಯೂ ಏಳಲಿಲ್ಲ.

"ಮುಳುಗಡೆಯವರು ಹೊರಗೆ ಇನ್ನೂ ನಾಲ್ಕು ಜನ ಇದ್ದಾರೆ ವೆಂಕಮ್ಮ. ಒಬ್ಬೊಬ್ಬರೂ ಅಳೋಕೆ ಕೂತರೆ ಇಲ್ಲೇ ಇನ್ನೊಂದು ಕಟ್ಟೆ ಕಟ್ಟಬೇಕಾಗುತ್ತೆ."

"ಸಾರ್," ಎಂದರು ವೆಂಕಮ್ಮ. ಆ ಒಂದು ಮಾತಿಗೆ ಸಾಹೇಬರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸತೊಡಗಿದರು. ವೆಂಕಮ್ಮ ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಅವಳ ಕೈಗೆಟಕುವಲ್ಲಿಟ್ಟರು. ಲೋಟವನ್ನು ಅವಳು ಮುಟ್ಟಲಿಲ್ಲ. ಗಂಡಸರ ಎದುರು ಹೀಗೆ ಕೂತಿರುವುದೇ ಅವಳಿಗೆ ಹಿಂಸೆ ಅನ್ನಿಸಿ, ಮೆಲ್ಲಗೆ ಹೇಳಿದರು:

"ಅವಸರ ಇಲ್ಲ ತಂಗಿ. ಸ್ವಲ್ಪ ಹೊತ್ತು ಹೊರಗೆ ಕೂತಿರು. ಆಮೇಲೆ ಕರೀತೀನಿ."

ಹಾಲಮ್ಮ ಎದ್ದು ಕೈಮುಗಿದು ಹೋದಳು.

ಇನ್ನಿಬ್ಬರನ್ನು ಕೇಳಿ ಮುಗಿಸಿ ವೆಂಕಮ್ಮ ಅವಳನ್ನು ಕರೆಯಲು ಹೇಳಿದರು. ಗುತ್ಯಪ್ಪ ಒಬ್ಬನೇ ಮರಳಿ ಬಂದ. "ಇಲ್ಲ ಅಮ್ಮ. ಅವಳೂ ಇಲ್ಲ, ಅವಳಪ್ಪನೂ ಇಲ್ಲ. ಬಸ್ ಸ್ಟ್ಯಾಂಡಿನ ಕಡೆ ಹೋದರಂತೆ."

"ನಾವು ಕಳಿಸಿದ್ದಲ್ಲ, ಅವಳೇ ಹೋಗಿದ್ದು," ಎಂದರು ಸಾಹೇಬರು. "ಗೈರುಹಾಜರಿ ಅಂತ ಬರೆದರಾಯ್ತು."

"ಉಳಿದವರನ್ನ ನೋಡ್ತಿರಿ ಸಾರ್. ಅವರು ಮುಗಿಯೋದರೊಳಗೆ ಬರ್ತೀನಿ. ಆ ಪ್ರಶ್ನೆ ಕೇಳಿದ್ದು ನಾನು."

ಹೊಸನಗರದ ಬಸ್ಸು ನಿಂತಿತ್ತು. ಹಾಲಮ್ಮನ ಅಪ್ಪ ಭೂತಪ್ಪ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದ. ಏದುಸಿರು ಬಿಡುತ್ತ ಬಂದ ವೆಂಕಮ್ಮನನ್ನು ಕಂಡು ಕಾಲು ಕೆಳಗಿಟ್ಟ, ಹೆಗಲ ಟವೆಲು ಕೈಗೆ ತೆಗೆದುಕೊಂಡ.

"ಯಾಕಪ್ಪ ಹೊರಟ್ರಿ? ಆಮೇಲೆ ಕರೀತೀನಿ ಅಂದಿದ್ದೆನಲ್ಲ."

ಭೂತಪ್ಪ ಮಗಳ ಮುಖ ನೋಡಿ, ನೆಲ ನೋಡಿ, ಹೇಳಿದ: "ಅಮ್ಮೋರೆ, ನಮಗೆ ಅಷ್ಟು ತಿಳಿಯಲ್ವಾ? ಗೇಣಿ ಕಡಿಮೆ ಮಾಡಿ ಅಂತ ಒಡೇರ ಮನೆಗೆ ಹೋದರೆ, ಒಡೇರು ಬೈಯೋರಲ್ಲ. ಒಳ್ಳೇ ಮಾತಲ್ಲೇ, ಹೊರಗೆ ಕೂತಿರು ಮಾರಾಯ, ಕರೀತೀನಿ ಅನ್ನೋರು. ಅಂಗಳದಲ್ಲಿ ಕೂರೋದು. ಹೊತ್ತು ಕಂತಿದರೂ ಕರೆ ಬರಲ್ಲ. ಆಗಲ್ಲ ಅನ್ನೋದನ್ನ ದೊಡ್ಡೋರು ಹಾಗೆ ಹೇಳೋದು. ಕೂತು ಕೂತು ನಾವೇ ಎದ್ದು ಹೋಗಬೇಕು. ಅದು ಮರ್ಯಾದೆ."

ಕವಲೇದುರ್ಗದ ಕೆಳಗಿನ ದೊಡ್ಡ ಹಿಡುವಳಿಯ ಮನೆಯಲ್ಲಿ ಹುಟ್ಟಿ ಬೆಳೆದವರು ವೆಂಕಮ್ಮ. ಅಂಗಳದಲ್ಲಿ ಕೂತವರನ್ನು ಜಗಲಿಯಿಂದ ದಿನವೂ ಕಂಡಿದ್ದರು. ಅಪ್ಪಯ್ಯ ಅವರಿಗೆ ಬಾಯಾರಿಕೆಗೆ ಬೆಲ್ಲ ನೀರು ಕೊಡಿಸುತ್ತಿದ್ದುದೂ ನೆನಪಿತ್ತು. ಅವರು ಯಾವಾಗ ಎದ್ದು ಹೋಗುತ್ತಿದ್ದರು, ಏನೆಂದುಕೊಂಡು ಹೋಗುತ್ತಿದ್ದರು ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

"ನಾನು ಕರೀತೀನಿ ಅಂದಿದ್ದು ಕರೆಯೋದಕ್ಕೇ," ಎಂದರು ಕೊನೆಗೆ. ಆಮೇಲೆ ಹಾಲಮ್ಮನ ಕಡೆ ತಿರುಗಿ, "ಕೆಲಸ ಸಿಗುತ್ತೆ ಅಂತ ನಾನು ಹೇಳೋದಿಲ್ಲ ತಂಗಿ. ಹೇಳಿದರೆ ಸುಳ್ಳಾಗುತ್ತೆ. ನಿನ್ನನ್ನ ಇನ್ನೂ ಏನೂ ಕೇಳಿಲ್ಲ. ಅಷ್ಟು ಮಾತ್ರ ನಿಜ. ಊರಿನ ಸುದ್ದಿ ತೆಗೆಯಲ್ಲ. ಬರ್ತೀಯೋ, ಬೇಡವೋ, ನೀನೇ ಹೇಳು."

ಕಂಡಕ್ಟರ್ ಸೀಟಿ ಊದಿದ. "ಹತ್ತೋರು ಹತ್ತಿ! ಇದು ಬಿಟ್ಟರೆ ನಾಳೇನೇ!"

ಭೂತಪ್ಪನಿಗೆ ಸರ್ಕಾರ ಕೊಟ್ಟ ಜಾಗದಲ್ಲಿ ಕೆರೆಯಿಲ್ಲ, ಗದ್ದೆಯೆಬ್ಬಿಸಲು ಮಣ್ಣಿಲ್ಲ. ಮಗ ಘಟ್ಟದ ಕೆಳಗೆ ಹೋದವನು ತಿರುಗಿ ಬಂದಿರಲಿಲ್ಲ. ಈ ಕೆಲಸವೊಂದು ಆದರೆ ಒಲೆ ಉರಿಯುವ ಮಾತು. ಅದು ಮೂವರಿಗೂ ಗೊತ್ತಿತ್ತು. ಹಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಆಫೀಸಿನ ಕಡೆಗೆ ನಡೆದಳು. ಬಸ್ಸು ಹೊರಟಿತು.

ಈ ಸಲ ವೆಂಕಮ್ಮ ಮೇಜಿನಾಚೆ ಕೂರಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು.

"ಒಂದು ಮಗು ಬಾಗಿಲಲ್ಲೇ ನಿಂತು ಅಳ್ತಿದೆ ಅಂತ ಇಟ್ಕೊ. ಒಳಗೆ ಬರಲೊಲ್ಲದು. ಏನು ಮಾಡ್ತೀಯ? ಯೋಚನೆ ಮಾಡಿ ಹೇಳು, ನಾವು ಕಾಯ್ತೀವಿ."

ಬಹಳ ಹೊತ್ತು ಹಿಡಿಯಿತು. ಸಾಹೇಬರು ಗಡಿಯಾರದ ಕಡೆ ಕಣ್ಣೆತ್ತಿದವರು, ಮತ್ತೆ ಇಳಿಸಿದರು.

"ನಾನೂ ಹೋಗಿ ಬಾಗಿಲಲ್ಲೇ ಕೂತ್ಕೋತೀನಿ," ಎಂದಳು ಹಾಲಮ್ಮ. "ಒಳಗಿನ ಮಕ್ಕಳಿಗೆ ಅಲ್ಲಿಂದಲೇ ಕಥೆ ಹೇಳ್ತೀನಿ. ಎಳ್ಕೊಂಡು ಬರಲ್ಲ. ಎಳೆದು ತಂದ ಮಗು ಮಾರನೇ ದಿನ ಬರಲ್ಲ."

"ಯಾವ ಕಥೆ?" ಕೇಳಿದವರು ನಾರಾಯಣಮೂರ್ತಿ.

ಅವಳು ಆಮೆಯ ಕಥೆ ಹೇಳಿದಳು. ಧ್ವನಿ ನಡುಗಿತು, ನಿಂತಿತು, ಮತ್ತೆ ಹೊರಟಿತು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಆಮೇಲೆ ಉಕ್ತಲೇಖನ. ವರ್ಷಗಟ್ಟಲೆ ಪೆನ್ಸಿಲ್ ಹಿಡಿಯದ ಕೈ. ಅರ್ಧದಷ್ಟು ಸಾಲುಗಳು ಬಿಟ್ಟುಹೋಗಿದ್ದವು.

ಅಂಕ ಹಾಕುವಾಗ ಸಾಹೇಬರೇ ಕೇಳಿದರು, "ಬರವಣಿಗೆಗೆ ಒಂದು ನಾಲ್ಕು ಜಾಸ್ತಿ ಹಾಕ್ತೀರಾ?"

ವೆಂಕಮ್ಮ ಆ ಹಾಳೆಯನ್ನು ಮತ್ತೊಮ್ಮೆ ಓದಿದರು. ಅಂಕದಲ್ಲಿ ಹಾಲಮ್ಮನಿಗಿಂತ ಮುಂದಿದ್ದ ಇಬ್ಬರಲ್ಲಿ ಒಬ್ಬಳು ಗಂಡ ಸತ್ತವಳು, ಚೆನ್ನಾಗಿ ಬರೆದಿದ್ದಳು. ಅತ್ತಿರಲಿಲ್ಲ, ಅಷ್ಟೇ. "ಇಲ್ಲ ಸಾರ್," ಎಂದರು.

ಫಲಿತಾಂಶವನ್ನು ಗುತ್ಯಪ್ಪನ ಬಾಯಲ್ಲಿ ಹೇಳಿ ಕಳಿಸಲಿಲ್ಲ. ಅಪ್ಪ ಮಗಳಿಬ್ಬರನ್ನೂ ಒಳಗೆ ಕರೆದು ಕೂರಿಸಿ ತಾವೇ ಹೇಳಿದರು. "ಆಗಲಿಲ್ಲ ಹಾಲಮ್ಮ. ಕಥೆ ನಿನ್ನಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ. ಬರವಣಿಗೆಯಲ್ಲಿ ಹಿಂದೆ ಬಿದ್ದೆ."

ಭೂತಪ್ಪ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಹಾಲಮ್ಮ ಅಳಲಿಲ್ಲ. ಅಳು ಬಂದಿದ್ದರೆ ವೆಂಕಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಬಸ್ಸಿಲ್ಲದ್ದರಿಂದ ಅಂದು ಇಬ್ಬರೂ ವೆಂಕಮ್ಮನ ಮನೆಯಲ್ಲೇ ಉಳಿದರು. ಭೂತಪ್ಪನನ್ನು ಊಟಕ್ಕೆ ಒಳಗೆ ಕೂರಿಸಲು ಮೂರು ಸಲ ಕರೆಯಬೇಕಾಯಿತು. ಬೆಳಗಿನ ಬಸ್ಸಿಗೆ ಹೊರಡುವಾಗ ಹಾಲಮ್ಮ ಹೊಸಿಲಲ್ಲಿ ನಿಂತು ಕೇಳಿದಳು:

"ಮುಂದಿನ ವರ್ಷ ಹುದ್ದೆ ಕರೀತಾರಾ ಅಮ್ಮ?"

"ಗೊತ್ತಿಲ್ಲ ತಂಗಿ."

ಅವಳು ತಲೆಯಾಡಿಸಿದಳು. ಅಪ್ಪನ ಕೈಯಿಂದ ಚೀಲ ಇಸಿದುಕೊಂಡು, ಅವನಿಗಿಂತ ಎರಡು ಹೆಜ್ಜೆ ಮುಂದೆ, ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.