ಹನ್ನೆರಡನೆಯ ಮೊತ್ತ

ನಮ್ಮಪ್ಪನಿಗೆ ಬೋರ್ಡು ಬರೆಯುವ ಚಟ. ಮೊದಲು ಅದು ಕಸುಬಾಗಿತ್ತು, ಫ್ಲೆಕ್ಸ್ ಬಂದ ಮೇಲೆ ಚಟವಾಗಿ ಉಳಿಯಿತು. ಒಂದು ಕಾಲಕ್ಕೆ ಕೊಟ್ಟೂರಿನ ಪೇಟೆಯಲ್ಲಿ ಕಿರಾಣಿ ಅಂಗಡಿಯಿಂದ ಹಲ್ಲಿನ ದವಾಖಾನೆಯವರೆಗೆ ಎಲ್ಲರ ಹೆಸರೂ ಅವನ ಕೈಯಿಂದಲೇ ಗೋಡೆ ಏರಿದವು. ಈಗ ಆ ಗೋಡೆಗಳ ಮೇಲೆಲ್ಲ ರಾಜಕಾರಣಿಗಳು ಹಲ್ಲು ಕಿರಿಯುತ್ತಿರುತ್ತಾರೆ. ಅವುಗಳ ಮುಂದೆ ಹೋಗುವಾಗ ಅಪ್ಪ ಮುಖ ಆ ಕಡೆ ತಿರುಗಿಸುತ್ತಾನೆ, ಥೇಟ್ ಮಾತು ಬಿಟ್ಟ ಬೀಗರ ಮನೆ ಮುಂದೆ ಹೋದ ಹಾಗೆ.

ಹೋದ ವರ್ಷ ಏಣಿಯಿಂದ ಬಿದ್ದು ಎಡಗೈ ಮುರಿದುಕೊಂಡ. ಪ್ಲಾಸ್ಟರ್ ಬಿಚ್ಚಿದ ವಾರಕ್ಕೇ ಮತ್ತೆ ಏಣಿ ಹುಡುಕಿದ. ಅವ್ವ ಅತ್ತಳು, ಬೈದಳು, ಬಣ್ಣದ ಡಬ್ಬಿಗಳನ್ನು ಜೋಳದ ಕಣಜದ ಹಿಂದೆ ಬಚ್ಚಿಟ್ಟಳು. ನಾನು ಗಣಿತದ ಮೇಷ್ಟ್ರಿಣಿ. ತರ್ಕ ಹೇಳಿ ನೋಡಿದೆ. ಅರವತ್ತೆಂಟು ವಯಸ್ಸು, ಹತ್ತು ಅಡಿ ಏಣಿ, ಕೆಳಗೆ ಸಿಮೆಂಟು. ಅಪ್ಪ ನಗುತ್ತ, "ನಿನ್ ಲೆಕ್ಕದಾಗ ನನ್ನ ಕೈ ಎಲ್ಲೈತಿ?" ಎಂದ.

ನಾನು ಕಲಿಸುವ ಸರ್ಕಾರಿ ಪ್ರೌಢಶಾಲೆ ಇರುವುದು ಹೊಸಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಗಣಿತದ ಮೂಲೆ ಎಂದು ಒಂದು ಗೋಡೆಯನ್ನು ಬಿಟ್ಟುಕೊಟ್ಟರು. ಐದರ ಮಾಯಾಚೌಕ ಬರೆಸೋಣ ಅಂದೆ. ಒಂದರಿಂದ ಇಪ್ಪತ್ತೈದರವರೆಗಿನ ಅಂಕಿಗಳು, ಅಡ್ಡ ಐದು ಸಾಲು, ಕಂಬಸಾಲು ಐದು, ಮೂಲೆಯಿಂದ ಮೂಲೆಗೆ ಕರ್ಣ ಎರಡು, ಯಾವುದನ್ನು ಕೂಡಿದರೂ ಅರವತ್ತೈದು. ಮುಖ್ಯೋಪಾಧ್ಯಾಯರು ಫ್ಲೆಕ್ಸ್ ಮಾಡಿಸಿಬಿಡಿ ಎಂದರು. ಈ ಮಾತನ್ನು ಮನೆಗೆ ಬಂದು ಹೇಳಿದ್ದೇ ನನ್ನ ಬುದ್ಧಿಗೇಡಿತನ.

"ಫ್ಲೆಕ್ಸಾ?" ಅಪ್ಪನ ಕೈಯ ರೊಟ್ಟಿ ತಟ್ಟೆಗೆ ಬಿತ್ತು. "ಎರಡು ಬ್ಯಾಸಿಗಿ ಕಂಡ್ರ ಬಿಳಿಚ್ಕೊಂತೈತದು. ನಾ ಬರಿತೀನಿ."

"ಅಪ್ಪಾ, ಏಣಿ ಹತ್ತಬೇಕಾಗ್ತತಿ."

"ಹತ್ತಿದರಾತು. ಅದರಾಗ ಒಂದು ತಪ್ಪು ತೋರ್ಸು, ಬ್ರಷ್ ನಿನ್ ಕೈಯಾಗ ಇಟ್ಟು ಸುಮ್ಮನ ಕೂಡ್ತೀನಿ. ತಪ್ಪಿಲ್ಲ ಅಂದ್ರ ನೀವಿಬ್ರೂ ಬಾಯಿ ಮುಚ್ಕೊಂಡಿರಬೇಕು."

"ನಾ ಸಾಕ್ಷಿ ಅದೀನಿ" ಎಂದಳು ಅವ್ವ, ಇನ್ನೊಂದು ರೊಟ್ಟಿ ಹಾಕುತ್ತ. ಒಂದಲ್ಲ ಒಂದು ಅಂಕಿ ತಪ್ಪುತ್ತಾನೆ, ಅಲ್ಲಿಗೆ ಈ ಏಣಿಯ ಕಾಟ ಮುಗಿಯುತ್ತದೆ ಎಂದು ನಾನೂ ಒಪ್ಪಿಕೊಂಡೆ. ಅಪ್ಪನ ತಪ್ಪಿಗಾಗಿ ಕಾಯುವ ಮಗಳು ನಾನು. ದೇವರು ಕ್ಷಮಿಸಲಿ.

ಭಾನುವಾರ ಇಬ್ಬರೂ ಹೊರಟೆವು. ಅರ್ಥವಾಗದ್ದನ್ನು ಬರೆಯುವುದಿಲ್ಲ ಎಂಬುದು ಅಪ್ಪನ ನೇಮ. ಹಾಗಾಗಿ ಕೂಡ್ಲಿಗಿ ಬಸ್ಸಿನಲ್ಲೇ ಪಾಠ ಶುರುವಾಯಿತು. ಒಂದನ್ನು ಮೇಲಿನ ಸಾಲಿನ ನಟ್ಟನಡುವೆ ಬರಿ. ಮುಂದಿನ ಅಂಕಿ ಯಾವಾಗಲೂ ಒಂದು ಮನೆ ಮೇಲೆ, ಒಂದು ಮನೆ ಬಲಕ್ಕೆ. ಮೇಲೆ ಚೌಕದ ಹೊರಗೆ ಹೋದರೆ ಅದೇ ಕಂಬಸಾಲಿನ ತಳಕ್ಕೆ ಬರಬೇಕು. ಬಲಕ್ಕೆ ಹೊರಗೆ ಹೋದರೆ ಅದೇ ಸಾಲಿನ ಎಡತುದಿಗೆ ಬರಬೇಕು. ಹೋಗಬೇಕಾದ ಮನೆ ತುಂಬಿದ್ದರೆ, ಈಗ ಬರೆದ ಅಂಕಿಯ ಕೆಳಗಿನ ಮನೆಗೆ ಇಳಿ. ಮೇಲಿನ ಬಲಮೂಲೆಯಿಂದ ಹೊರಗೆ ಬಿದ್ದರೂ ಹಾಗೇ ಇಳಿ.

"ತುಂಬಿದ್ರ ಅಂದ್ರ?"

"ಕಿಟಕಿಯಿಂದ ಸೀಟಿಗೆ ಟವೆಲ್ ಒಗಿತಾರಲ್ಲ, ಹಂಗ. ಆರು ಹೋಗಬೇಕಾದಲ್ಲಿ ಒಂದು ಮೊದಲೇ ಟವೆಲ್ ಹಾಕೈತಿ. ಅದಕ್ಕ ಆರು ಐದರ ಕೆಳಗ ಕುಂದರ್ತತಿ."

ಅಪ್ಪ ಟಿಕೆಟಿನ ಹಿಂದೆ ಬರೆದು ನೋಡಿದ. ಟಿಕೆಟು ಸಾಲದೆ ನನ್ನ ಡೈರಿ ಕಸಿದುಕೊಂಡ. ಕೂಡ್ಲಿಗಿ ಬರುವ ಹೊತ್ತಿಗೆ ಇಪ್ಪತ್ತೈದೂ ಕೂತಿದ್ದವು, ಒಂದೂ ತಪ್ಪಿರಲಿಲ್ಲ. ನನ್ನ ಒಂಬತ್ತನೇ ತರಗತಿಗೆ ಇದನ್ನು ಕಲಿಸಲು ಮೂರು ದಿನ ಹಿಡಿದಿತ್ತು. ಆ ಹಾಳೆಯ ಹನ್ನೆರಡೂ ಮೊತ್ತಗಳನ್ನು ನಾನೇ ಕೂಡಿ ನೋಡಿ, ಸರಿ ಎಂದು ಸಹಿ ಹಾಕಿ, ಹರಿದು ಅಪ್ಪನಿಗೆ ಕೊಟ್ಟೆ.

ಆ ದಿನ ನಾನು ಏಣಿ ಹಿಡಿದುಕೊಂಡೆ, ಅಪ್ಪ ನಾಲ್ಕು ಕಂಬಸಾಲು ಮುಗಿಸಿದ. ಸೋಮವಾರ ಮಂಗಳವಾರ ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ತರಬೇತಿ. ಉಳಿದ ಒಂದು ಕಂಬಸಾಲನ್ನು ಅವನೊಬ್ಬನೇ ಮುಗಿಸಿದ. ಜವಾನ ಏಣಿ ಹಿಡಿದಿದ್ದನಂತೆ.

ಬುಧವಾರ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಗೋಡೆಯ ಮುಂದೆ ಮಕ್ಕಳು ಜಮಾಯಿಸಿದ್ದರು. ಅಪ್ಪನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅಂಕಿಗಳೇನೋ ಮುದ್ದಾಗಿದ್ದವು, ಸುಳ್ಳು ಹೇಳಬಾರದು. ನಾನು ಚಾಕ್‌ಪೀಸ್ ಹಿಡಿದು ಕೂಡತೊಡಗಿದೆ. ಮೇಲಿನ ಸಾಲು 15, 17, 24, 1, 8. ಅರವತ್ತೈದು. ಅದರ ಕೆಳಗಿನದು 16, 23, 5, 7, 14. ಅರವತ್ತೈದು. ಅಡ್ಡ ಐದೂ ಸರಿ. ಕಂಬ ಐದೂ ಸರಿ. ಮೇಲಿನ ಎಡಮೂಲೆಯಿಂದ ಇಳಿಯುವ ಕರ್ಣ 15, 23, 6, 19, 2. ಅದೂ ಅರವತ್ತೈದು.

"ಇನ್ನೂ ಎಷ್ಟು ಕೂಡ್ತೀಯವ್ವಾ? ತಪ್ಪಿದ್ರ ತಾನ ಸಿಗೋದು!" ಎಂದು ಅಪ್ಪ ಹಿಂದಿನಿಂದ ಚುಚ್ಚಿದ. ಮಕ್ಕಳು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹನ್ನೊಂದು ಸಲ ಅರವತ್ತೈದು ಬಂದ ಮೇಲೆ ಹನ್ನೆರಡನೆಯದು ಎಲ್ಲಿಗೆ ಓಡಿಹೋಗುತ್ತದೆ? ಸರಿ ಐತಿ ಎಂದುಬಿಟ್ಟೆ. ಅಪ್ಪ ಅಲ್ಲಿಂದಲೇ ಅವ್ವನಿಗೆ ಫೋನು ಹಚ್ಚಿ, "ನಿನ್ ಮಗಳು ಸೋತ್ಲು, ಡಬ್ಬಿ ಹೊರಗ ತಗದಿಡು" ಎಂದ. ಆಮೇಲೆ ಬೇವಿನ ಮರದ ಕೆಳಗೆ ಕೂತು ಬಿಸಿಯೂಟದ ಅಕ್ಕಂದಿರಿಂದ ಚಹಾ ತರಿಸಿಕೊಂಡ.

ಪ್ರಾರ್ಥನೆ ಮುಗಿಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗೋಡೆಯ ಹತ್ತಿರವೇ ನಿಂತಿದ್ದಳು. ಕುರಿ ಸಾಕುವವರ ಮನೆಯ ಮಗಳು, ಮಂದೆಯಲ್ಲಿ ಒಂದು ಮರಿ ಕಡಿಮೆಯಾದರೂ ಅವಳ ಕಣ್ಣಿಗೆ ಬೀಳುತ್ತದೆ.

"ಮೇಡಂ, ಇಲ್ನೋಡ್ರಿ. ಕೆಳಗಿನ ಮೂಲಿಯಿಂದ ಒಂಬತ್ತು, ಹತ್ತು, ಆರು, ಏಳು, ಎಂಟು. ಎಲ್ಲಾ ಸಣ್ಣವ ಒಂದ ಕಡೆ ನಿಂತಾವ. ಇವು ಅರವತ್ತೈದು ಹೆಂಗ ಆಗ್ತಾವ್ರಿ?"

ನಲವತ್ತು! ನಾನು ಎರಡು ಸಲ ಕೂಡಿದೆ. ನಲವತ್ತೇ. ಆಗ ಮೇಲಿನ ಸಾಲಿನ ಕಡೆ ನೋಡಿದೆ. ನಟ್ಟನಡುವೆ ಒಂದರ ಬದಲು ಇಪ್ಪತ್ನಾಲ್ಕು ಕೂತಿತ್ತು. ಹತ್ತು ವರ್ಷದಿಂದ ಗಣಿತ ಕಲಿಸುವವಳ ಕಣ್ಣಿಗೆ ಇದು ಬಿದ್ದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅವಳ ದನಿ ಮರದ ಕೆಳಗಿನವರೆಗೂ ಹೋಗಿತ್ತು. ಅಪ್ಪ ಚಹಾದ ಲೋಟ ಕೆಳಗಿಟ್ಟು ಬಂದ. ಬೆರಳು ಮಡಚುತ್ತ ತಾನೇ ಕೂಡಿದ. ಮತ್ತೆ ಕೂಡಿದ. ಮುಖ ಸಣ್ಣದಾಯಿತು. ಚೀಲದಿಂದ ದೊಡ್ಡ ಬ್ರಷ್ ತೆಗೆದು, ಚಿಂದಿಯಿಂದ ಒರೆಸಿ, ನನ್ನ ಮುಂದೆ ಹಿಡಿದ.

ಒಂದು ವರ್ಷ ಇದಕ್ಕೇ ಕಾದಿದ್ದೆ. ಈಗ ಕೈ ಚಾಚಲು ಆಗಲಿಲ್ಲ. ಸಂಕಟವಾದಾಗ ನನಗೆ ಬರುವುದು ಸಿಟ್ಟು.

"ಹಾಳಿ ನೋಡಿ ಬರಿಯಾಕ ಏನಾಗಿತ್ತು ನಿನಗ? ಹಾಳ್ಯಾಗ ಸರಿ ಐತಲ್ಲ!"

"ಅಂಕಿ ಒಂದೂ ತಪ್ಪಿಲ್ಲ. ಸೋಮವಾರ ಬಂದು ನೋಡ್ತೀನಿ, ಕ್ಲಾಸಿನ ಕಿಟಕಿ ತಗದೈತಿ. ಅದರ ಬಾಗ್ಲ ಕಡೀ ಸಾಲಿನ ಜಾಗದ ಮ್ಯಾಲ ಬಂದು ಕುಂತೈತಿ. ಭಾನುವಾರ ಮುಚ್ಚಿತ್ತು, ಗೊತ್ತಾಗ್ಲಿಲ್ಲ. ಹುಡುಗ್ರು ಗಾಳಿ ಇಲ್ದ ಕೂಡಬೇಕೇನು? ಎಡಕ್ಕ ಜಾಗ ಇತ್ತು. ಆ ಸಾಲನ್ನ ಹಂಗ ತಂದು ಎಡಕ್ಕ ಬರದೆ."

"ಹಂಗ ತರಾಕ ಯಾರ್ ಹೇಳಿದ್ರು?"

"ನೀನ ಹೇಳಿದಿ! ಬಲಕ್ಕ ಹೊರಗ ಹೋದ್ರ ಎಡತುದಿಗೆ ಬರ್ಬೇಕು ಅಂತ. ಬಸ್ಸಿನಾಗ ಎಲ್ರೂ ಕೇಳ್ಯಾರ."

ಒಂದು ಅಂಕಿಗೆ ಹೇಳಿಕೊಟ್ಟ ನಿಯಮವನ್ನು ಅವನು ಇಡೀ ಕಂಬಸಾಲಿಗೆ ಹಚ್ಚಿದ್ದ. ಹಾಗೆ ಸರಿಸಿದರೆ ಅಡ್ಡಸಾಲಿನ ಐದು ಅಂಕಿಗಳು ಅವೇ ಇರುತ್ತವೆ, ಕಂಬಸಾಲಿನವೂ ಅವೇ. ಕರ್ಣದ ಮೇಲೆ ಮಾತ್ರ ಬೇರೆಯವರು ಬಂದು ಕೂರುತ್ತಾರೆ. ಹಾಳೆಯಲ್ಲಿ ಏರುವ ಕರ್ಣದ ಮೇಲೆ ಇದ್ದದ್ದು 11ರಿಂದ 15. ಗೋಡೆಯಲ್ಲಿ 6ರಿಂದ 10.

ಅಪ್ಪ ಬ್ರಷ್ ಹಿಡಿದುಕೊಂಡೇ ಹಾಳೆಯನ್ನೂ ಗೋಡೆಯನ್ನೂ ನೋಡಿದ. ಆಮೇಲೆ ಚಾಚಿದ ಬ್ರಷ್ಷನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ತಡಿ ತಡಿ. ಒಂದು ಮ್ಯಾಲ, ಒಂದು ಬಲಕ್ಕ ಅಂತಲ್ಲ ನಡಿಗಿ? ನಾ ಬಲಕ್ಕ ಒಂದ ಹೆಜ್ಜಿ ಸರ್ಸಿ ಅರ್ಧಕ್ಕ ನಿಂತೀನಿ. ಮ್ಯಾಲಕ್ಕೂ ಒಂದ್ ಹೆಜ್ಜಿ ಸರ್ಸಿದ್ರ? ಮ್ಯಾಲಿನ ಸಾಲು ಹೊರಗ ಬೀಳ್ತತಿ. ಬಿದ್ದದ್ದು ತಳಕ್ಕ ಬರ್ತತಿ."

ಮೇಲಿನ ಸಾಲನ್ನು ಅಳಿಸಿ ಎಲ್ಲಕ್ಕಿಂತ ಕೆಳಗೆ ಬರೆಯುವುದು, ಅಷ್ಟೇ. ನಾನು ನಂಬಲಿಲ್ಲ. ಹುಡುಗಿ ಅಷ್ಟರಲ್ಲಿ ನೆಲದ ಮೇಲೆ ಕಡ್ಡಿಯಲ್ಲಿ ಬರೆದಿದ್ದಳು. ಮೂವರೂ ಕುಕ್ಕರಗಾಲಲ್ಲಿ ಕೂತು ಕೂಡಿದೆವು. ಅಡ್ಡ ಐದು, ಕಂಬ ಐದು. ಇಳಿಯುವ ಕರ್ಣ 16, 4, 12, 25, 8. ಅರವತ್ತೈದು. ಏರುವ ಕರ್ಣ 15, 11, 12, 13, 14.

"ಅರವತ್ತೈದ್ರೀ ಮೇಡಂ!" ಎಂದು ಹುಡುಗಿ ಕಿರುಚಿದಳು. ಅಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕಣ್ಣು ತುಂಬಿ ಬಂತು, ಮಣ್ಣು ಬಿತ್ತು ಅಂದೆ.

"ಆದ್ರ ಮಾತು ಮಾತ. ತಪ್ಪಂತೂ ಸಿಕ್ಕೈತಿ" ಎಂದ ಅಪ್ಪ. ಗೋಡೆಯ ಮೇಲ್ಭಾಗ ನೋಡಿದ, ಏಣಿ ನೋಡಿದ, ತನ್ನ ಎಡಗೈ ಸವರಿಕೊಂಡ. "ಕೆಳಗಿನ ಸಾಲಿಗೆ ಏಣಿ ಬೇಕಿಲ್ಲ. ನೆಲದಾಗ ಕುಂತು ಬರಿತೀನಿ. ಮ್ಯಾಲಿನ ಸಾಲು ಅಳಿಸಾಕ ಯಾರರ ಹತ್ತಬೇಕಲ್ಲ."

ಸೀರೆಯ ಸೆರಗು ಸಿಕ್ಕಿಸಿ, ಬಿಳಿ ಬಣ್ಣದ ಡಬ್ಬಿ ಹಿಡಿದು ನಾನೇ ಹತ್ತಿದೆ. ಐದನೇ ಮೆಟ್ಟಿಲಲ್ಲಿ ಏಣಿಗೆ ಅಂಟಿಕೊಂಡು ನಿಂತೆ. ಇಡೀ ಶಾಲೆ ಕೆಳಗೆ ನಿಂತು ನೋಡುತ್ತಿತ್ತು, ಮುಖ್ಯೋಪಾಧ್ಯಾಯರೂ ಕೂಡ.

"ಕೆಳಗ ನೋಡಬ್ಯಾಡ! ಬ್ರಷ್ ಕಡೆ ನೋಡು! ಹಂಗಲ್ಲಲೇ, ನೆಲ ಸಾರಣಿ ಮಾಡಿದಂಗ ಮಾಡಬ್ಯಾಡ, ಮ್ಯಾಲಿನಿಂದ ಕೆಳಕ್ಕ ಎಳಿ!" ಅಪ್ಪ ಎರಡೂ ಕೈಯಿಂದ ಏಣಿಯನ್ನು ಅವಚಿಕೊಂಡು ಬೈಯುತ್ತಲೇ ಇದ್ದ. ನಲವತ್ತು ವರ್ಷ ಆ ಎತ್ತರದಲ್ಲಿ ನಿಂತು ಇವನು ಸಂಸಾರ ಸಾಕಿದನೇ ಎಂದು ಅಲ್ಲಿ ನಿಂತಾಗ ನನಗೆ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಗೋಡೆ ಈಗಲೂ ಹಾಗೇ ಇದೆ. ಒಂದು ಎಂಬ ಅಂಕಿ ತಳದ ಸಾಲಿನಲ್ಲಿದೆ. ಶಾಲೆಗೆ ಬರುವ ತಿಳಿದವರೆಲ್ಲ "ಒಂದು ಮೇಲೆ ನಡುವಿರಬೇಕಲ್ಲ, ತಪ್ಪಿದೆ" ಎನ್ನುತ್ತಾರೆ. ಮಕ್ಕಳು ಅವರ ಕೈಗೆ ಚಾಕ್‌ಪೀಸ್ ಕೊಟ್ಟು, "ಹನ್ನೆರಡೂ ಕೂಡ್ರಿ ಸರ್" ಎನ್ನುತ್ತಾರೆ.

ಪಂದ್ಯ ಯಾರು ಗೆದ್ದರು ಎಂದು ಅವ್ವನಿಗೆ ಇನ್ನೂ ತೀರ್ಮಾನಿಸಲು ಆಗಿಲ್ಲ. ಅಪ್ಪ ಆಮೇಲೆ ಏಣಿ ಹತ್ತಿಲ್ಲ. ಬ್ರಷ್ಷನ್ನೂ ನನ್ನ ಕೈಗೆ ಕೊಟ್ಟಿಲ್ಲ. ಹೋದ ವಾರ ಹಡಗಲಿಯ ಮಲ್ಲಿಗೆ ಅಂಗಡಿಯವರೊಬ್ಬರು ಗೋಡೆ ಬರೆಯಲು ಕರೆದರಂತೆ. ನನ್ನನ್ನು ಕೇಳದೆ ಒಪ್ಪಿಕೊಂಡು ಬಂದಿದ್ದಾನೆ.

"ಭಾನುವಾರ ಖಾಲಿ ಇರು" ಎಂದ. "ಮ್ಯಾಲಿಂದು ನೀನು, ಕೆಳಗಿಂದು ನಾನು."