ಪೆರುಮಾಳರ ಇಪ್ಪತ್ತು ದಿನ

ನಂದಿದುರ್ಗ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಪೆರುಮಾಳ್ ಇಪ್ಪತ್ತಾರು ವರ್ಷ ಹಾಜರಿ ಬರೆದರು. ಅಲ್ಲಿ ಕೂಲಿಯವನ ಪಾಳಿ ಲೆಕ್ಕವಾಗುತ್ತಿದ್ದದ್ದು ಕಿಟಕಿಯಲ್ಲಿ ಹಾಜರಿಯ ಹಿತ್ತಾಳೆ ಬಿಲ್ಲೆ ತೆಗೆದುಕೊಂಡ ನಿಮಿಷದಿಂದ. ಗಣಿಯ ತಳ ಮುಟ್ಟುವುದು ಯಾವಾಗಲೋ, ಅದು ಬೇರೆ ಮಾತು. ಒಮ್ಮೆ ಆರುಮುಗಂ ಎಂಬಾತ ಮೂರು ನಿಮಿಷ ತಡವಾಗಿ ಬಂದ. ಪೆರುಮಾಳ್ ಅವನ ಅರ್ಧ ದಿನದ ಕೂಲಿ ಕತ್ತರಿಸಿದರು. ಹೆಂಡತಿಗೆ ಹೆರಿಗೆ ನೋವು ಎಂದು ಅವನು ಹೇಳಿದ್ದ. ಗಡಿಯಾರಕ್ಕೆ ಹೆರಿಗೆ ಗೊತ್ತಿಲ್ಲ ಎಂದು ಇವರು ಹೇಳಿದ್ದರು.

ಸ್ವಯಂ ನಿವೃತ್ತಿ ಪಡೆದ ಮೇಲೆ ರಾಬರ್ಟ್‌ಸನ್‌ಪೇಟೆಯ ಒಂದು ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಮ್ಯೂಚುವಲ್ ಫಂಡ್ ಏಜೆಂಟರಾದರು. ನೆಲದಡಿಯ ಬಂಗಾರ ಬತ್ತಿದ ಊರಿನಲ್ಲಿ ಕಾಗದದ ಬಂಗಾರ ಮಾರಲು ಹೊರಟವರು ಅವರೊಬ್ಬರೇ ಏನಲ್ಲ. ಆದರೆ ಜನ ಅವರನ್ನು ನಂಬಿದ್ದರು, ಗಡಿಯಾರವನ್ನು ನಂಬುವ ಹಾಗೆ.

ಬಂಗಾರಪೇಟೆಯ ಶಾಲೆಯ ಹೆಡ್‌ಮಿಸ್ ವೆಂಕಟರತ್ನಮ್ಮನವರೂ ನಂಬಿದರು. ೧೯೯೬ರ ಜೂನ್ ಹದಿನೆಂಟರಂದು ಸಾಲಪತ್ರಗಳ ಫಂಡಿಗೆ ಒಂದು ಲಕ್ಷ, ಷೇರುಗಳ ಫಂಡಿಗೆ ಐವತ್ತು ಸಾವಿರದ ಚೆಕ್ ಕೊಟ್ಟರು. ಮುಂದಿನ ವರ್ಷ ಸೈಟು ಕೊಳ್ಳುವ ಯೋಚನೆ ಇತ್ತು. ವರ್ಷ ತುಂಬುವ ಮೊದಲು ಮಾರಬಾರದೆಂಬ ತಮ್ಮ ನಿಯಮವನ್ನು ಪೆರುಮಾಳ್ ಹೇಳಿದರು. ಆಗ ಎರಡೂ ಬಗೆಯ ಫಂಡಿಗೆ ಗಡುವು ಒಂದೇ, ಹನ್ನೆರಡು ತಿಂಗಳು. ಅಷ್ಟರೊಳಗೆ ಮಾರಿದರೆ ಇಡೀ ಲಾಭ ಸಂಬಳದ ಜೊತೆ ಸೇರಿ ಅವರವರ ದರದಲ್ಲಿ ತೆರಿಗೆ. ದಾಟಿಸಿ ಮಾರಿದರೆ ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಎತ್ತರಿಸಿಕೊಂಡು, ಉಳಿದ ಲಾಭಕ್ಕೆ ಮಾತ್ರ ನೂರಕ್ಕೆ ಇಪ್ಪತ್ತು. ಸಾಲಪತ್ರದ ಫಂಡಿನ ಲಾಭವೇ ಸಣ್ಣದು, ಅದರಲ್ಲಿ ಹೆಚ್ಚಿನ ಪಾಲು ಈ ಎತ್ತರಿಸುವಿಕೆಯಲ್ಲೇ ಕರಗುತ್ತದೆ. ಷೇರಿನ ಫಂಡು ಚೆನ್ನಾಗಿ ಏರಿದರೆ ಅಷ್ಟು ಕರಗುವುದಿಲ್ಲ.

ವರ್ಷ ತುಂಬಿ ಎರಡು ದಿನ ಆಯಿತೆಂದು ೧೯೯೭ರ ಜೂನ್ ಇಪ್ಪತ್ತರಂದು ಪೆರುಮಾಳ್ ಎರಡನ್ನೂ ಮಾರಿಸಿದರು. ಸೈಟಿನವನಿಗೆ ಜುಲೈ ಕೊನೆಗೆ ಕೊಟ್ಟರೂ ಸಾಕಿತ್ತು. ಸಾಲಪತ್ರದ ಫಂಡಿನಲ್ಲಿ ಹದಿಮೂರು ಸಾವಿರ, ಷೇರಿನದರಲ್ಲಿ ಹದಿನೆಂಟು ಸಾವಿರ ಲಾಭ. ಪೆರುಮಾಳ್ ಒಂದು ವಾರ ಎದೆ ಉಬ್ಬಿಸಿ ಓಡಾಡಿದರು.

ಮರುವರ್ಷ ಹೆಡ್‌ಮಿಸ್ಸರ ತೆರಿಗೆ ರಿಟರ್ನ್ ತುಂಬಲು ಕುಳಿತಾಗ, ಫಂಡಿನವರು ಕಳಿಸಿದ್ದ ಸ್ಟೇಟ್‌ಮೆಂಟನ್ನು ಮೊದಲ ಸಲ ಪೂರ್ತಿ ಓದಿದರು. ಹೊರ ಊರಿನ ಚೆಕ್ ಬೆಂಗಳೂರಿಗೆ ಹೋಗಿ ನಗದಾಗುವಷ್ಟರಲ್ಲಿ ಮೂರು ವಾರ ಹಿಡಿದಿತ್ತು. ಆಮೇಲೆ ಫಂಡಿನ ಪಾಲು, ಅಂದರೆ ಯುನಿಟ್, ಕೊಟ್ಟ ದಿನಾಂಕ ೧೯೯೬ರ ಜುಲೈ ಒಂಬತ್ತು. ಹನ್ನೆರಡು ತಿಂಗಳು ಎಣಿಸಬೇಕಾದದ್ದು ಅಲ್ಲಿಂದ, ಅಂದರೆ ಮಾರಬೇಕಿದ್ದದ್ದು ಮುಂದಿನ ಜುಲೈ ಹತ್ತಕ್ಕೆ ಅಥವಾ ಆಮೇಲೆ. ಇವರು ಇಲ್ಲೂ ಬಿಲ್ಲೆ ತೆಗೆದುಕೊಂಡ ನಿಮಿಷದಿಂದಲೇ ಹಾಜರಿ ಹಾಕಿಬಿಟ್ಟಿದ್ದರು.

ಹೆಡ್‌ಮಿಸ್ಸರ ಸಂಬಳದ ದರವೂ ನೂರಕ್ಕೆ ಇಪ್ಪತ್ತೇ, ಆದರೆ ಈಗ ಕೊಂಡ ಬೆಲೆ ಎತ್ತರಿಸುವ ಹಾಗಿರಲಿಲ್ಲ. ಸಾಲಪತ್ರದ ಫಂಡಿಗೆ ಒಂಬೈನೂರರ ಒಳಗೆ ಮುಗಿಯಬೇಕಿದ್ದ ತೆರಿಗೆ ಎರಡು ಸಾವಿರದ ಆರುನೂರಾಗಿತ್ತು. ಷೇರಿನ ಫಂಡಿಗೆ ಎರಡು ಸಾವಿರದ ಏಳುನೂರೈವತ್ತರ ಬದಲು ಮೂರು ಸಾವಿರದ ಆರುನೂರು. ಮೇಜಿನ ಮೇಲೆ ಜೂನ್ ಹದಿನೆಂಟರ ರಸೀದಿ ಇತ್ತು. ರಿಟರ್ನಿನಲ್ಲಿ ಆ ದಿನಾಂಕವನ್ನೇ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಹೆಡ್‌ಮಿಸ್ಸಂತೂ ಕೇಳುತ್ತಿರಲಿಲ್ಲ. ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ಮೂರು ನಿಮಿಷ ಬಿಟ್ಟುಕೊಡದ ಕೈ ಈಗ ಇಪ್ಪತ್ತು ದಿನ ಕದಿಯಲು ಹೊರಟಿದೆ ಎನ್ನಿಸಿ ಜುಲೈ ಒಂಬತ್ತನ್ನೇ ಬರೆದರು.

ಮರುದಿನ ಮಾರಿಕುಪ್ಪಂ ರೈಲಿನಲ್ಲಿ, ಪರಿಚಯದವರಿಗೆ ಬೆನ್ನು ಹಾಕಿ ಕಿಟಕಿ ಪಕ್ಕ ಕೂತು, ಬಂಗಾರಪೇಟೆಗೆ ಹೋದರು. ಶಾಲೆಯಲ್ಲಿ ಹೆಡ್‌ಮಿಸ್ ಎದುರು ನಿಂತೇ ಹೇಳಿದರು.

"ತಪ್ಪು ನಂದೇ ಟೀಚರಮ್ಮ. ಚೆಕ್ ಕೊಟ್ಟ ದಿನದಿಂದ ಎಣಿಸ್ಬಿಟ್ಟೆ. ಯುನಿಟ್ ಬಂದ ದಿನದಿಂದ ಎಣಿಸ್ಬೇಕಾಗಿತ್ತು."

"ಅಂಗಾದ್ರೆ ಇನ್ನಿಪ್ಪತ್ತು ದಿನ ತಡ್ಕಂಡಿದ್ರೆ ಸಾಕಾಗಿತ್ತಾ?"

"ಸಾಕಾಗಿತ್ತಮ್ಮ."

ಆಕೆ ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಹೆಚ್ಚುವರಿ ತೆರಿಗೆಯ ದುಡ್ಡಿನ ಲಕೋಟೆಯನ್ನು ಅವರು ಚಾಚಿದರೆ, ಆಕೆ ಹಿಂದಕ್ಕೆ ತಳ್ಳಿದರು.

"ಲಾಭ ನಂದು, ತೆರಿಗೆನೂ ನಂದೇ, ಕಟ್ತೀನಿ. ನೀವು ಇಂಗೆ ತಾರೀಕು ಹಾಕಿರೋರು ಇನ್ನೆಷ್ಟ್ ಜನ ಅವ್ರೆ ಪೆರುಮಾಳಣ್ಣ?"

ಹನ್ನೊಂದು ಜನ ಇದ್ದರು. ಅವರಲ್ಲಿ ನಾಲ್ವರು ಆ ವಾರವೇ ಮಾರುವವರಿದ್ದರು. ಪೆರುಮಾಳರ ಮುಖ ನೋಡಿಯೇ ಆಕೆಗೆ ಉತ್ತರ ಸಿಕ್ಕಿತು.

"ಅವ್ರ ಮನೆಗೋಳ್ಗೂ ಓಗಿ ಇಂಗೇ ನಿಂತ್ಕಂಡು ಯೋಳಿ. ನಂಗೆ ಅಷ್ಟು ಸಾಕು."

ಶಾಲೆಯ ಗೇಟು ತೆರೆದವನು ವಾಚ್‌ಮನ್. ಗಣಿ ಬಿಟ್ಟ ಮೇಲೆ ಅಲ್ಲಿ ಸೇರಿದ್ದ ಆರುಮುಗಂ. ಒಳಗಿನ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ. ಹಳೆಯ ಸಾಹೇಬರನ್ನು ಕಂಡು ಸಲಾಮು ಹೊಡೆದ.

"ಏನ್ ಸಾರ್, ಲೇಟಾಯ್ತಾ?"

"ಇಲ್ಲಪ್ಪ," ಎಂದರು ಪೆರುಮಾಳ್, ತಲೆ ಎತ್ತದೆ. "ಇಪ್ಪತ್ತು ದಿನ ಬೇಗ ಬಂದ್ಬಿಟ್ಟೆ."

ಅವನಿಗೆ ಅರ್ಥವಾಗಲಿಲ್ಲ. ಆ ಹೆರಿಗೆಯ ದಿನ ಹುಟ್ಟಿದ ಮಗು ಈಗ ಏನು ಮಾಡುತ್ತಿದೆ ಎಂದು ಪೆರುಮಾಳರಿಗೆ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಹನ್ನೊಂದರಲ್ಲಿ ಮೊದಲನೆಯ ಮನೆ ಹುಡುಕಿಕೊಂಡು ನಡೆದರು.